ಫೋಟೊ ನೋಡಿ ಪೆನ್ನಿನ ಅಸಲಿತನ ತಿಳಿಯುವುದು: ಮಾಂಟ್‌ಬ್ಲಾಂಕ್ 146, 149ರ ಪರೀಕ್ಷೆ

ಹಳೆಯ ಮಾಂಟ್‌ಬ್ಲಾಂಕ್ ಮಾರಾಟಕ್ಕಿದೆ ಎಂದು ಯಾರಾದರೂ ಫೋಟೊ ಕಳಿಸಿದರೆ ನಮ್ಮ ಕಣ್ಣು ಮೊದಲು ಹೋಗುವುದು ಮುಚ್ಚಳದ ತಲೆಯ ಮೇಲಿನ ಬಿಳಿ ನಕ್ಷತ್ರಕ್ಕೆ. ನಕಲಿ ತಯಾರಿಸುವವನಿಗೂ ಇದು ಚೆನ್ನಾಗಿ ಗೊತ್ತು. ಅವನು ಹೆಚ್ಚು ಶ್ರಮ ಹಾಕುವುದೂ ಅಲ್ಲಿಗೇ. ಹಾಗಾಗಿ ನಕ್ಷತ್ರ ಸರಿಯಾಗಿದೆ ಎಂಬುದರಿಂದ ಪೆನ್ನಿನ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಅವನ ಗಮನ ಹೋಗದ ಜಾಗಗಳನ್ನು ನಾವು ನೋಡಬೇಕು: ನಿಬ್ಬಿನ ಮೇಲೆ ಎರಡು ಬಣ್ಣಗಳು ಕೂಡುವ ಗಡಿ, ಕ್ಲಿಪ್ಪಿನ ಬುಡದ ಬಳೆ, ಮುಚ್ಚಳದ ಉಂಗುರಗಳ ನಡುವಿನ ಸಂದು, ಬ್ಯಾರೆಲ್ಲಿನ ಮೇಲೆ ಬೀಳುವ ಬೆಳಕಿನ ಗೆರೆ.

ದುಬಾರಿ ಪೆನ್ನುಗಳಲ್ಲಿ ಅತಿ ಹೆಚ್ಚು ನಕಲಾಗುವವುಗಳಲ್ಲಿ ಮಾಂಟ್‌ಬ್ಲಾಂಕ್ ಕಂಪನಿಯ ಮೈಸ್ಟರ್‌ಸ್ಟುಕ್ ಸಾಲೂ ಒಂದು. ಅದರಲ್ಲೂ ದಪ್ಪನೆಯ 149 ಮತ್ತು ಅದಕ್ಕಿಂತ ಸ್ವಲ್ಪ ಸಣ್ಣದಾದ 146. ಈ ಲೇಖನದಲ್ಲಿ ಅವೆರಡನ್ನೇ, ಅದೂ ಕಪ್ಪು ಮೈಯ, ಚಿನ್ನದ ಬಣ್ಣದ ಉಂಗುರಗಳ ಮಾಮೂಲಿ ಪೆನ್ನುಗಳನ್ನೇ ತೆಗೆದುಕೊಂಡಿದ್ದೇನೆ. ಬೆಳ್ಳಿ ಮೈಯವು, ಸೀಮಿತ ಸಂಖ್ಯೆಯ ವಿಶೇಷ ಪೆನ್ನುಗಳು, 1950ರ ದಶಕದ ಸೆಲ್ಯುಲಾಯ್ಡ್ ಪೆನ್ನುಗಳು ಬೇರೆಯೇ ಅಧ್ಯಯನ ಬೇಡುತ್ತವೆ. ಇಲ್ಲಿ ಹೇಳುವ ಗುರುತುಗಳನ್ನು ಅವುಗಳಿಗೆ ಹಚ್ಚಿ ನೋಡಿದರೆ ಒಳ್ಳೆಯ ಪೆನ್ನನ್ನೇ ನಕಲಿ ಎಂದು ತಳ್ಳಿಬಿಡುವ ಅಪಾಯವಿದೆ.

ಮೊದಲೇ ಒಂದು ಮಿತಿ ಹೇಳಿಬಿಡುತ್ತೇನೆ. ಇದು ನಕಲಿ ಎಂದು ಫೋಟೊದಿಂದ ಖಚಿತವಾಗಿ ಹೇಳಬಹುದು. ಇದು ಪೂರ್ತಿ ಅಸಲಿ ಎಂದು ಅಷ್ಟೇ ಖಚಿತವಾಗಿ ಹೇಳಲು ಫೋಟೊ ಸಾಲದು. ಅಸಲಿ ನಿಬ್ಬನ್ನು ನಕಲಿ ಮೈಗೆ ಸಿಕ್ಕಿಸಿದ ಪೆನ್ನುಗಳಿವೆ, ಅಸಲಿ ಮುಚ್ಚಳ ಮತ್ತು ನಕಲಿ ಬ್ಯಾರೆಲ್ಲಿನ ಜೋಡಿಗಳೂ ಇವೆ. ಅದಕ್ಕೇ ಪ್ರತಿ ಭಾಗಕ್ಕೂ ಬೇರೆ ಬೇರೆ ತೀರ್ಪು ಕೊಡಬೇಕು, ಆಮೇಲೆ ಆ ಭಾಗಗಳೆಲ್ಲ ಒಂದೇ ಕಾಲದ ಕಥೆ ಹೇಳುತ್ತಿವೆಯೇ ಎಂದು ನೋಡಬೇಕು.

ಮೊದಲ ಹೆಜ್ಜೆ: ಸರಿಯಾದ ಫೋಟೊ ಕೇಳಿ ಪಡೆಯುವುದು

ಮಾರುವವರು ಸಾಮಾನ್ಯವಾಗಿ ಹಾಕುವ ಫೋಟೊದಲ್ಲಿ ಪೆನ್ನು ಡಬ್ಬಿಯೊಳಗೆ ಓರೆಯಾಗಿ ಮಲಗಿರುತ್ತದೆ, ಮೇಲೆ ಫ್ಲಾಶ್ ಬೆಳಕು ಬಿದ್ದಿರುತ್ತದೆ. ಅಂಥ ಫೋಟೊ ಪರೀಕ್ಷೆಗೆ ಬಾರದು. ಡಬ್ಬಿ, ವಾರಂಟಿ ಪುಸ್ತಕ, ಬಿಲ್ಲಿನ ಚಿತ್ರಗಳನ್ನು ಪಕ್ಕಕ್ಕಿಡಿ. ಪೆನ್ನಿಗಿಂತ ಅವನ್ನು ನಕಲು ಮಾಡುವುದು ಸುಲಭ.

ನಾನು ಆರು ಫೋಟೊ ಕೇಳುತ್ತೇನೆ. ಮುಚ್ಚಳ ಹಾಕಿದ ಪೆನ್ನು ಸ್ಕೇಲಿನ ಪಕ್ಕದಲ್ಲಿ, ನೇರ ಮೇಲಿನಿಂದ ತೆಗೆದದ್ದು ಒಂದು. ನಿಬ್ಬಿನ ಮೇಲ್ಮೈ ಒಂದು, ನಿಬ್ಬನ್ನು ಪಕ್ಕದಿಂದ ನೋಡಿದಾಗ ಕೆಳಗಿನ ನಾಲಿಗೆ, ಅಂದರೆ ಫೀಡ್, ಕಾಣುವಂತೆ ಇನ್ನೊಂದು. ಕ್ಲಿಪ್ಪಿನ ಬುಡದ ಬಳೆಯನ್ನು ಸುತ್ತ ತಿರುಗಿಸುತ್ತಾ ತೆಗೆದ ಎರಡು ಮೂರು ಚಿತ್ರಗಳನ್ನು ಸೇರಿಸಿ ಒಂದು ಎಂದುಕೊಳ್ಳಿ. ಮುಚ್ಚಳದ ಅಂಚಿನ ಉಂಗುರಗಳು ಹತ್ತಿರದಿಂದ. ಕೊನೆಯದಾಗಿ ಮುಚ್ಚಳ ತೆಗೆದ ಬ್ಯಾರೆಲ್ಲು, ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದದ್ದು.

ಫ್ಲಾಶ್ ಬೇಡ, ಕಿಟಕಿಯಿಂದ ಒಂದೇ ಬದಿಗೆ ಬರುವ ಹಗಲು ಬೆಳಕು ಸಾಕು ಎಂದು ತಿಳಿಸಿ. ಕೆತ್ತನೆಯ ಆಳ ಕಾಣುವುದು ಬೆಳಕು ಓರೆಯಾಗಿ ಬಿದ್ದಾಗ ಮಾತ್ರ. ಫೋನನ್ನು ಪೆನ್ನಿಗೆ ತೀರಾ ಹತ್ತಿರ ಒಯ್ದರೆ ಅಗಲದ ಲೆನ್ಸು ಹತ್ತಿರದ ಭಾಗವನ್ನು ಉಬ್ಬಿಸಿ ತೋರಿಸುತ್ತದೆ, ದಪ್ಪ ಉದ್ದಗಳ ಅಳತೆ ಕೆಡುತ್ತದೆ. ಒಂದು ಗೇಣು ದೂರ ನಿಂತು ಎರಡು ಪಟ್ಟು ಜೂಮ್ ಮಾಡಿದರೆ ಚಿತ್ರ ಸಾಕಷ್ಟು ನಿಜವಾಗಿರುತ್ತದೆ. ಸಾಧ್ಯವಾದರೆ ಅಂದಿನ ದಿನಾಂಕವನ್ನು ಚೀಟಿಯಲ್ಲಿ ಬರೆದು ಪೆನ್ನಿನ ಪಕ್ಕ ಇಟ್ಟು ತೆಗೆಯಲಿ. ಬೇರೆಯವರ ಅಸಲಿ ಪೆನ್ನಿನ ಫೋಟೊ ಕದ್ದು ಹಾಕಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಮೆಸೇಜಿನಲ್ಲಿ ಕಳಿಸಿದ ಫೋಟೊ ಕುಗ್ಗಿ ಬರುತ್ತದೆ ಎಂಬುದನ್ನು ಮರೆಯಬೇಡಿ. ಕುಗ್ಗಿದ ಚಿತ್ರದಲ್ಲಿ ಅಸಲಿ ನಿಬ್ಬಿನ ಸೂಕ್ಷ್ಮ ಗೆರೆಗಳೂ ಕಲಸಿಹೋಗಿ ನಕಲಿಯಂತೆಯೇ ಕಾಣುತ್ತವೆ. ಇಮೇಲಿನಲ್ಲೋ ಡಾಕ್ಯುಮೆಂಟ್ ರೂಪದಲ್ಲೋ ಮೂಲ ಫೈಲನ್ನೇ ತರಿಸಿಕೊಳ್ಳಿ. ಮಸುಕಾದ ಚಿತ್ರ ನೋಡಿ 'ಕೆತ್ತನೆ ಕಳಪೆ' ಎಂದು ತೀರ್ಪು ಕೊಡುವುದು ಕಲಿಯುವವರು ಮಾಡುವ ಮೊದಲ ತಪ್ಪು. ನಾನೂ ಮಾಡಿದ್ದೇನೆ.

ಎರಡನೆಯ ಹೆಜ್ಜೆ: ನಿಬ್ಬು

ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. ನಿಬ್ಬಿನ ಮೇಲೆ ಮೊದಲು ಕಾಣುವುದು 4810 ಎಂಬ ಅಂಕಿ. ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರದ ಎತ್ತರ ಅದು, ಮೀಟರುಗಳಲ್ಲಿ. ಅದರ ಜೊತೆಗೆ ಕಂಪನಿಯ ಹೆಸರು, ಚಿನ್ನದ ಗುಣಮಟ್ಟ, ಸುತ್ತ ಅಂಚುಗೆರೆಯ ಅಲಂಕಾರ ಇರುತ್ತವೆ. ನಕಲಿಯವರು ಇವನ್ನೆಲ್ಲ ಬರೆಯುತ್ತಾರೆ. ಆದ್ದರಿಂದ ಏನು ಬರೆದಿದೆ ಎಂಬುದಷ್ಟನ್ನೇ ಓದಿ ಮುಂದೆ ಹೋಗಬೇಡಿ, ಬರೆದದ್ದು ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡಿ.

ಚಿನ್ನದ ಲೆಕ್ಕ ಸರಳ. 24 ಕ್ಯಾರೆಟ್ ಎಂದರೆ ಅಪ್ಪಟ ಚಿನ್ನ. 14 ಕ್ಯಾರೆಟ್ ಎಂದರೆ 24ರಲ್ಲಿ 14 ಪಾಲು, ಸಾವಿರಕ್ಕೆ ಸುಮಾರು 583. ಮುದ್ರೆಯಲ್ಲಿ ಅದನ್ನು 585 ಎಂದು ಹಾಕುತ್ತಾರೆ. 18 ಕ್ಯಾರೆಟ್ ಎಂದರೆ ಸಾವಿರಕ್ಕೆ 750. ನಿಬ್ಬಿನ ಮೇಲೆ 14 ಎಂದಿದ್ದರೆ ಜೊತೆಗೆ 585 ಇರಬೇಕು, 18 ಎಂದಿದ್ದರೆ 750. ಹದಿನಾಲ್ಕರ ಪಕ್ಕ 750 ಇರುವ ನಿಬ್ಬನ್ನು ಕಂಡರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಇಂದಿನ 149ರ ನಿಬ್ಬು 18 ಕ್ಯಾರೆಟ್ಟಿನದು, 146ರದು 14. ಹಳೆಯ 149ಗಳಲ್ಲಿ 14 ಕ್ಯಾರೆಟ್ಟಿನ ನಿಬ್ಬೂ ಬರುತ್ತಿತ್ತು. ಫ್ರಾನ್ಸಿನಲ್ಲಿ 18 ಕ್ಯಾರೆಟ್ಟಿಗಿಂತ ಕಡಿಮೆಯದನ್ನು ಚಿನ್ನವೆಂದು ಮಾರುವಂತಿರಲಿಲ್ಲ, ಆ ಕಾರಣಕ್ಕೆ 18ರ ಮುದ್ರೆಯ ಹಳೆಯ ನಿಬ್ಬುಗಳೂ ಸಿಗುತ್ತವೆ. ಹಳೆಯವುಗಳಲ್ಲಿ ಕ್ಯಾರೆಟ್ ಸೂಚಿಸಲು 'ಕೆ' ಬದಲು 'ಸಿ' ಅಕ್ಷರ ಇರುವುದುಂಟು, ಅದನ್ನು ಕಂಡು ಗಾಬರಿಯಾಗಬೇಡಿ.

ಮುಂದಿನದು ಬಣ್ಣದ ಗಡಿ. 146 ಮತ್ತು 149ರ ಮಾಮೂಲಿ ನಿಬ್ಬುಗಳು ಎರಡು ಬಣ್ಣದವು: ಚಿನ್ನದ ಹಳದಿ, ಬೆಳ್ಳಿಯಂತೆ ಹೊಳೆಯುವ ಬಿಳಿ ಲೇಪ. ಈ ಎರಡೂ ಕೂಡುವುದು ಕೆತ್ತಿದ ಗೆರೆಯ ಮೇಲೆ. ಅಸಲಿ ನಿಬ್ಬಿನಲ್ಲಿ ಬಿಳಿ ಲೇಪ ಆ ಗೆರೆಯವರೆಗೆ ಬಂದು ನಿಲ್ಲುತ್ತದೆ. ನಕಲಿಯಲ್ಲಿ ಅದು ಗೆರೆ ದಾಟಿ ಹರಿದಿರುತ್ತದೆ, ಇಲ್ಲವೇ ಗೆರೆಗಿಂತ ಹಿಂದೆಯೇ ಮುಗಿದು ನಡುವೆ ಹಳದಿ ಸಂದು ಉಳಿದಿರುತ್ತದೆ. ಮಕ್ಕಳು ಚಿತ್ರಕ್ಕೆ ಬಣ್ಣ ತುಂಬುವಾಗ ಗೆರೆಯಾಚೆ ಹೋಗುತ್ತದಲ್ಲ, ಹಾಗೆ. ಫೋಟೊವನ್ನು ಹಿಗ್ಗಿಸಿ, ನಿಬ್ಬಿನ ಎರಡೂ ಬದಿಯ ಗಡಿಯನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಹಿಂಬಾಲಿಸಿ. ಎಡ ಮತ್ತು ಬಲ ಒಂದರ ಕನ್ನಡಿ ಬಿಂಬ ಇನ್ನೊಂದಿದ್ದಂತೆ ಇರಬೇಕು.

ಕೆತ್ತನೆಯ ಆಳವನ್ನೂ ಗಮನಿಸಿ. ಓರೆ ಬೆಳಕಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬದಿಯಲ್ಲಿ ಮಿಂಚು, ಇನ್ನೊಂದು ಬದಿಯಲ್ಲಿ ನೆರಳು ಕಾಣಬೇಕು. ಅಕ್ಷರಗಳು ಕಂದು ಅಥವಾ ಕಪ್ಪು ಗೀರುಗಳಂತೆ ಚಪ್ಪಟೆಯಾಗಿದ್ದು, ಬೆಳಕು ಯಾವ ಕಡೆಯಿಂದ ಬಂದರೂ ಒಂದೇ ಥರ ಕಂಡರೆ, ಅಗ್ಗದ ಲೇಸರಿನಲ್ಲಿ ಸುಟ್ಟು ಬರೆದಿರಬಹುದು. ಶಾಯಿ ಕೂತು ಕಪ್ಪಾದ ಅಸಲಿ ಕೆತ್ತನೆಯೂ ಇರುತ್ತದೆ. ಅನುಮಾನವಿದ್ದರೆ ನಿಬ್ಬನ್ನು ನೀರಿನಲ್ಲಿ ತೊಳೆದು ಮತ್ತೆ ಫೋಟೊ ತೆಗೆಯಲು ಹೇಳಿ. ಬೆಸುಗೆಯ ತುದಿಯನ್ನೂ ಪಕ್ಕದ ಫೋಟೊದಲ್ಲಿ ನೋಡಬಹುದು. ಬರೆಯುವ ತುದಿಯ ಗಟ್ಟಿ ಲೋಹ ಚಿನ್ನದಿಂದಲೇ ಬೆಳೆದು ಬಂದಂತೆ ನುಣುಪಾಗಿ ಸೇರಿರಬೇಕು. ಹೊರಗಿನಿಂದ ಅಂಟಿಸಿದ ಗುಂಡಿನಂತಿದ್ದರೆ, ಅಥವಾ ನಿಬ್ಬಿನ ತುದಿಯ ಹತ್ತಿರ ಚಿನ್ನದ ಬಣ್ಣ ಸವೆದು ಒಳಗಿಂದ ಬೂದು ಉಕ್ಕು ಇಣುಕುತ್ತಿದ್ದರೆ, ಅದು ಲೇಪ ಹಾಕಿದ ಉಕ್ಕಿನ ನಿಬ್ಬು.

ಮೂರನೆಯ ಹೆಜ್ಜೆ: ಕ್ಲಿಪ್ಪು ಮತ್ತು ಅದರ ಬಳೆ

ಕ್ಲಿಪ್ಪಿನ ಆಕಾರವನ್ನು ಮಾತಿನಲ್ಲಿ ವಿವರಿಸಿ ಪ್ರಯೋಜನವಿಲ್ಲ. ಅದೇ ಮಾದರಿಯ, ಅದೇ ಕಾಲದ, ಖಚಿತವಾಗಿ ಅಸಲಿ ಎನ್ನಬಹುದಾದ ಪೆನ್ನಿನ ಫೋಟೊವನ್ನು ಪಕ್ಕದಲ್ಲಿಟ್ಟುಕೊಂಡು, ಎರಡರಲ್ಲೂ ಮುಚ್ಚಳದ ಉದ್ದ ಒಂದೇ ಆಗುವಂತೆ ಹಿಗ್ಗಿಸಿ. ಆಗ ಕ್ಲಿಪ್ಪಿನ ತುದಿ ಮುಚ್ಚಳದ ಮೇಲೆ ಎಲ್ಲಿ ಬಂದು ನಿಲ್ಲುತ್ತದೆ, ಅಂಚುಗಳು ಹೇಗೆ ಇಳಿಯುತ್ತವೆ ಎಂಬುದನ್ನು ಹೋಲಿಸಬಹುದು. ನಕಲಿ ಕ್ಲಿಪ್ಪುಗಳು ಎಡವುವುದು ಸಾಮಾನ್ಯವಾಗಿ ಬಳೆಯಿಂದ ಕ್ಲಿಪ್ಪು ಹೊರಗೆ ಬಾಗುವ ಜಾಗದಲ್ಲಿ. ತೆಳು ತಗಡನ್ನು ಮಡಿಸಿ ಮಾಡಿದವುಗಳಲ್ಲಿ ಪಕ್ಕದ ಅಂಚು ಚೂಪಾಗಿ, ಹಿಂಭಾಗ ಟೊಳ್ಳಾಗಿ ಕಾಣುತ್ತದೆ.

ಬಳೆಯ ಮೇಲಿನ ಬರಹ ಇನ್ನೂ ಮುಖ್ಯ, ಏಕೆಂದರೆ ಅದು ಪೆನ್ನಿನ ಕಾಲವನ್ನು ಹೇಳುತ್ತದೆ. 1980ರ ದಶಕದ ಪೆನ್ನುಗಳಲ್ಲಿ ಪಶ್ಚಿಮ ಜರ್ಮನಿ ಎಂಬರ್ಥದ 'ಡಬ್ಲ್ಯೂ-ಜರ್ಮನಿ' ಕಾಣುತ್ತದೆ. 1990ರ ಅಕ್ಟೋಬರ್ 3ರಂದು ಎರಡು ಜರ್ಮನಿಗಳು ಒಂದಾದವು. ಆಮೇಲಿನ ಪೆನ್ನುಗಳಲ್ಲಿ ಬರಿಯ 'ಜರ್ಮನಿ' ಇರುತ್ತದೆ. 1990ರ ದಶಕದ ಆರಂಭದಿಂದ ಬಳೆಯ ಮೇಲೆ ಕ್ರಮಸಂಖ್ಯೆಯನ್ನೂ ಕೆತ್ತತೊಡಗಿದರು, ಸಾಮಾನ್ಯವಾಗಿ ಮೊದಲು ಎರಡು ಇಂಗ್ಲಿಷ್ ಅಕ್ಷರಗಳು, ಆಮೇಲೆ ಅಂಕಿಗಳು. ಅದೇ ದಶಕದ ಕೊನೆಯ ಭಾಗದಿಂದ ಕ್ಲಿಪ್ಪಿನ ಒಳಮೈಯಲ್ಲಿ 'ಪಿಕ್ಸ್' ಎಂಬ ಪುಟ್ಟ ಪದವೂ ಸೇರಿತು. ಕಂಪನಿ 1930ರ ದಶಕದಲ್ಲಿ ತಂದ ಪೆನ್ಸಿಲ್ಲುಗಳ ಹೆಸರದು.

ಇಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಕ್ರಮಸಂಖ್ಯೆ ಇದ್ದರೆ ಅಸಲಿ ಎನ್ನುವುದು ಒಂದು. ಇಂದು ಬಹುತೇಕ ಎಲ್ಲ ನಕಲಿಗಳಲ್ಲೂ ಸಂಖ್ಯೆ ಇದೆ, 'ಪಿಕ್ಸ್' ಕೂಡ ಇದೆ. ಸಂಖ್ಯೆ ಇಲ್ಲದಿದ್ದರೆ ನಕಲಿ ಎನ್ನುವುದು ಇನ್ನೊಂದು. ಇದು ಮೊದಲನೆಯದಕ್ಕಿಂತ ದೊಡ್ಡ ತಪ್ಪು, ಏಕೆಂದರೆ 1990ಕ್ಕಿಂತ ಹಿಂದಿನ ಅಸಲಿ ಪೆನ್ನುಗಳಲ್ಲಿ ಸಂಖ್ಯೆ ಇರುವುದೇ ಇಲ್ಲ. ಸಂಖ್ಯೆಯಿಂದ ಆಗುವ ನಿಜವಾದ ಉಪಯೋಗ ಬೇರೆ. ನಕಲಿ ತಯಾರಿಸುವವರು ಪ್ರತಿ ಪೆನ್ನಿಗೂ ಹೊಸ ಸಂಖ್ಯೆ ಹಾಕುವ ಗೋಜಿಗೆ ಹೆಚ್ಚಾಗಿ ಹೋಗುವುದಿಲ್ಲ, ಒಂದೇ ಸಂಖ್ಯೆ ನೂರಾರು ಪೆನ್ನುಗಳ ಮೇಲೆ ಬಂದುಬಿಡುತ್ತದೆ. ಆ ಸಂಖ್ಯೆಯನ್ನು ಉದ್ಧರಣ ಚಿಹ್ನೆಗಳೊಳಗೆ ಹಾಕಿ ಹುಡುಕಿ ನೋಡಿ. ಬೇರೊಂದು ಪೆನ್ನಿನ ಜಾಹೀರಾತಿನಲ್ಲೂ ಅದೇ ಸಂಖ್ಯೆ ಸಿಕ್ಕರೆ ಎರಡರಲ್ಲಿ ಒಂದಂತೂ ನಕಲಿ, ಎರಡೂ ನಕಲಿಯಾಗಿರುವ ಸಂಭವವೇ ಹೆಚ್ಚು. ಏನೂ ಸಿಗದಿದ್ದರೆ ಅದರಿಂದ ಯಾವ ತೀರ್ಮಾನಕ್ಕೂ ಬರಬೇಡಿ.

ನಾಲ್ಕನೆಯ ಹೆಜ್ಜೆ: ಮುಚ್ಚಳದ ಉಂಗುರ, ನಕ್ಷತ್ರ

ಮುಚ್ಚಳದ ಬಾಯಿಯ ಹತ್ತಿರ ಮೂರು ಉಂಗುರಗಳು: ನಡುವಿನದು ಅಗಲ, ಎರಡೂ ಪಕ್ಕದವು ತೆಳು. ಅಗಲದ ಉಂಗುರದ ಮೇಲೆ ಮಾಂಟ್‌ಬ್ಲಾಂಕ್, ಮೈಸ್ಟರ್‌ಸ್ಟುಕ್ ಎಂದು ಕೆತ್ತಿರುತ್ತದೆ. ಮೈಸ್ಟರ್‌ಸ್ಟುಕ್ ಪದದಲ್ಲಿ ಬರುವ ಇಂಗ್ಲಿಷಿನ ಯು ಅಕ್ಷರದ ತಲೆಯ ಮೇಲೆ ಜರ್ಮನ್ ಬರವಣಿಗೆಯ ಪ್ರಕಾರ ಎರಡು ಚುಕ್ಕೆಗಳಿರಬೇಕು. ಕಳಪೆ ನಕಲಿಗಳಲ್ಲಿ ಚುಕ್ಕೆಗಳೇ ಇರುವುದಿಲ್ಲ. ಸ್ವಲ್ಪ ಉತ್ತಮವಾದವುಗಳಲ್ಲಿ ಎರಡೂ ಕೂಡಿಕೊಂಡು ಒಂದು ಅಡ್ಡಗೆರೆಯಂತಾಗಿರುತ್ತವೆ, ಅಥವಾ ಅಕ್ಷರಕ್ಕೇ ಅಂಟಿಕೊಂಡಿರುತ್ತವೆ. ಅಕ್ಷರಗಳ ನಡುವಿನ ಅಂತರವನ್ನೂ ನೋಡಿ. ಒಂದು ಪದ ಉಂಗುರದ ಮೇಲಂಚಿಗೆ, ಇನ್ನೊಂದು ಕೆಳಂಚಿಗೆ ವಾಲಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ.

ನಾನು ಕೆತ್ತನೆಗಿಂತ ಹೆಚ್ಚು ನಂಬುವುದು ಉಂಗುರಗಳ ನಡುವಿನ ಸಂದನ್ನು. ಅಸಲಿಯಲ್ಲಿ ಮೂರು ಉಂಗುರಗಳ ನಡುವೆ ಮುಚ್ಚಳದ ಕಪ್ಪು ರಾಳವೇ ಎರಡು ತೆಳ್ಳನೆಯ ಗೆರೆಗಳಾಗಿ ಕಾಣುತ್ತದೆ, ಅದರ ಹೊಳಪು ಮುಚ್ಚಳದ ಹೊಳಪಿನದೇ. ಅಗ್ಗದ ನಕಲಿಯಲ್ಲಿ ಮೂರೂ ಸೇರಿ ಒಂದೇ ಪಟ್ಟಿ, ನಡುವೆ ಎರಡು ಕಾಲುವೆ ಕೊರೆದು ಕಪ್ಪು ಬಣ್ಣ ತುಂಬಿರುತ್ತಾರೆ. ಆ ಬಣ್ಣ ಮಂಕಾಗಿ ಕಾಣುತ್ತದೆ, ಅಲ್ಲಲ್ಲಿ ಕಿತ್ತು ಕೆಳಗಿನ ಹಳದಿ ಲೋಹ ಹೊರಬಂದಿರುತ್ತದೆ. ನಕಲಿಯವನು ಖರ್ಚು ಉಳಿಸುವ ಜಾಗ ಇದು, ಹೆಚ್ಚಿನ ಕೊಳ್ಳುಗರು ನೋಡದ ಜಾಗವೂ ಹೌದು.

ನಕ್ಷತ್ರದ ಬಗ್ಗೆ ಎರಡು ಮಾತು ಸಾಕು. ಅದರ ಆರು ತುದಿಗಳೂ ದುಂಡಗಿರಬೇಕು, ಚೂಪಾಗಿರಬಾರದು. ಮೇಲೆ ಮುದ್ರಿಸಿದಂತಿರದೆ ಕಪ್ಪು ರಾಳದೊಳಗೆ ಕೂರಿಸಿದಂತಿದ್ದು, ಗುಮ್ಮಟದ ಉಬ್ಬಿನ ಜೊತೆಗೇ ಬಾಗಿರಬೇಕು. ಬಿಳಿ ಸ್ವಲ್ಪ ಕೆನೆ ಬಣ್ಣಕ್ಕೆ ತಿರುಗಿದ್ದರೆ ಚಿಂತೆಯಿಲ್ಲ.

ಐದನೆಯ ಹೆಜ್ಜೆ: ಬ್ಯಾರೆಲ್ಲು

ಕಪ್ಪು ಬ್ಯಾರೆಲ್ಲಿನ ಫೋಟೊದಲ್ಲಿ ನೋಡಬೇಕಾದ್ದು ಅದರ ಮೇಲೆ ಬಿದ್ದ ಕಿಟಕಿಯ ಪ್ರತಿಬಿಂಬವನ್ನು. ಆ ಬಿಳಿ ಗೆರೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡುಗದೆ ಹರಿಯಬೇಕು. ಅಚ್ಚಿನಲ್ಲಿ ಎರಕ ಹೊಯ್ದು ಪಾಲಿಶ್ ಮಾಡದೆ ಬಿಟ್ಟ ನಕಲಿಯಲ್ಲಿ, ಅಚ್ಚಿನ ಎರಡು ಅರ್ಧಗಳು ಸೇರುವ ಜಾಗದಲ್ಲಿ ಉದ್ದಕ್ಕೆ ಒಂದು ಕೂದಲೆಳೆಯಂಥ ಗೆರೆ ಉಳಿಯುತ್ತದೆ. ಪೆನ್ನನ್ನು ತಿರುಗಿಸಿದ ಯಾವುದೋ ಒಂದು ಫೋಟೊದಲ್ಲಿ ಪ್ರತಿಬಿಂಬ ಆ ಗೆರೆಯ ಮೇಲೆ ಬಿದ್ದು ಮುರಿಯುತ್ತದೆ. ಸಣ್ಣ ಗೀರುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅಸಲಿ ರಾಳವೂ ಬಳಸಿದಂತೆ ಗೀಚಿಹೋಗುತ್ತದೆ. ಗೀರಿನ ಒಳಗೆ ಏನಿದೆ ಎಂದು ನೋಡಿ. ಕಪ್ಪಿದ್ದರೆ ಸರಿ. ಹಿತ್ತಾಳೆಯ ಹಳದಿ ಮಿನುಗಿದರೆ ಅದು ಲೋಹದ ಕೊಳವೆಗೆ ಬಣ್ಣ ಬಳಿದದ್ದು, ಮಾಮೂಲಿ 146 ಅಥವಾ 149 ಆಗಿರಲು ಸಾಧ್ಯವಿಲ್ಲ.

ಹೆಚ್ಚು ನಂಬಬಹುದಾದ ಗುರುತು ಶಾಯಿ ತುಂಬುವ ವ್ಯವಸ್ಥೆ. 146 ಮತ್ತು 149 ಎರಡೂ ಪಿಸ್ಟನ್ ಪೆನ್ನುಗಳು. ಬ್ಯಾರೆಲ್ಲಿನ ಹಿಂಭಾಗದ ಗುಬ್ಬಿಯನ್ನು ತಿರುಗಿಸಿದರೆ ಒಳಗಿನ ಪಿಸ್ಟನ್ ಸರಿದು ಶಾಯಿಯನ್ನು ಎಳೆದುಕೊಳ್ಳುತ್ತದೆ. ನಿಬ್ಬಿನ ಹಿಡಿಯ ಹಿಂದೆ, ಮುಚ್ಚಳ ಕೂರುವ ತಿರುಪಿನ ಸುತ್ತುಗಳ ಬಳಿ, ಶಾಯಿಯ ಮಟ್ಟ ನೋಡಲು ಪಾರದರ್ಶಕ ಕಿಟಕಿ ಇರುತ್ತದೆ. ನಕಲಿಗಳಲ್ಲಿ ಬಹಳಷ್ಟು ಬ್ಯಾರೆಲ್ಲನ್ನೇ ಬಿಚ್ಚಿ ಒಳಗೆ ಕನ್ವರ್ಟರ್, ಅಂದರೆ ಶಾಯಿ ತುಂಬುವ ಪುಟ್ಟ ಬಿಡಿ ಕೊಳವೆ, ಹಾಕುವ ಬಗೆಯವು. ಪಿಸ್ಟನ್ ಮಾಡಲು ಖರ್ಚು ಹೆಚ್ಚು, ಕೌಶಲವೂ ಬೇಕು. ಆದ್ದರಿಂದ ಬೆಳಕಿಗೆ ಎದುರಾಗಿ ಹಿಡಿದ ಫೋಟೊದಲ್ಲಿ ಕಿಟಕಿ ಹೊಳೆಯುತ್ತದೆಯೇ ಎಂದು ಮೊದಲು ನೋಡಿ. ಶಾಯಿ ಒಣಗಿ ಮುಚ್ಚಿದ್ದರೆ ತೊಳೆಸಿ ನೋಡಿ. ಆದರೆ 145 ಎಂಬ ಸಣ್ಣ ಅಸಲಿ ಮೈಸ್ಟರ್‌ಸ್ಟುಕ್ ಕನ್ವರ್ಟರಿನಿಂದಲೇ ನಡೆಯುತ್ತದೆ. ಮಾರುವವರು ತಿಳಿಯದೆ ಅದನ್ನೇ 146 ಎಂದು ಕರೆದಿರಬಹುದು. ಕನ್ವರ್ಟರ್ ಕಂಡ ಕೂಡಲೇ ನಕಲಿ ಎನ್ನದೆ ಅಳತೆಯನ್ನೂ ನೋಡಬೇಕು.

ಅಳತೆಗೆ ಸ್ಕೇಲ್ ಬೇಕೆಂದೇನಿಲ್ಲ, ಅನುಪಾತ ಸಾಕು. 149ರ ಉದ್ದ ಮುಚ್ಚಳ ಸೇರಿ ಸುಮಾರು 149 ಮಿಲಿಮೀಟರ್, ಬ್ಯಾರೆಲ್ಲಿನ ದಪ್ಪ ಸುಮಾರು 15. ಅಂದರೆ ಉದ್ದ ದಪ್ಪದ ಹತ್ತು ಪಟ್ಟು. 146ರಲ್ಲಿ ಉದ್ದ ಸುಮಾರು 145, ದಪ್ಪ 13. ಹನ್ನೊಂದು ಪಟ್ಟಿನ ಆಸುಪಾಸು. ಫೋಟೊವನ್ನು ಕಂಪ್ಯೂಟರಿನಲ್ಲಿ ತೆರೆದು ಉದ್ದವನ್ನೂ ಬ್ಯಾರೆಲ್ಲಿನ ಅತಿ ದಪ್ಪ ಭಾಗವನ್ನೂ ಪಿಕ್ಸೆಲ್ಲುಗಳಲ್ಲಿ ಅಳೆದು ಭಾಗಿಸಿ. ನೇರ ಮೇಲಿನಿಂದ ತೆಗೆದ ಫೋಟೊದಲ್ಲೂ ಇಪ್ಪತ್ತಕ್ಕೆ ಒಂದರಷ್ಟು ವ್ಯತ್ಯಾಸ ಬರಬಹುದು, ಅದಕ್ಕಿಂತ ಹೆಚ್ಚು ಬಂದರೆ ಕಾರಣ ಹುಡುಕಿ. ತಕ್ಕಡಿಯ ಮೇಲಿಟ್ಟ ಫೋಟೊ ಸಿಕ್ಕರೆ ಇನ್ನೂ ಒಳ್ಳೆಯದು: ಖಾಲಿ 149 ಸುಮಾರು 32 ಗ್ರಾಂ, 146 ಸುಮಾರು 25 ಗ್ರಾಂ ತೂಗುತ್ತವೆ.

ಕತ್ತಲಲ್ಲಿ ಮುಚ್ಚಳದ ಅಂಚಿನ ಹಿಂದೆ ಟಾರ್ಚ್ ಹಿಡಿದರೆ ಅಸಲಿ ಕಪ್ಪು ರಾಳ ಗಾಢ ಕೆಂಪಾಗಿ ಹೊಳೆಯುತ್ತದೆ ಎಂದು ಹಲವರು ಹೇಳುತ್ತಾರೆ. ಅದು ನಿಜ. ಆದರೆ ಕೆಂಪಾಗಿ ಹೊಳೆಯುವ ನಕಲಿಗಳೂ ಬಂದಿವೆ, ಮತ್ತು ಫೋನಿನ ಕ್ಯಾಮೆರಾ ಕತ್ತಲಲ್ಲಿ ಬಣ್ಣವನ್ನು ತನಗೆ ತೋಚಿದಂತೆ ಬದಲಿಸುತ್ತದೆ. ಹಾಗಾಗಿ ಈ ಪರೀಕ್ಷೆಯ ಮೇಲೆ ನಾನು ಭಾರ ಹಾಕುವುದಿಲ್ಲ.

ಒಂದು ಪೆನ್ನಿನ ಪರೀಕ್ಷೆ

ಗೆಳೆಯರೊಬ್ಬರು ಒಮ್ಮೆ ಒಂದು 146ರ ಮೂರು ಫೋಟೊ ಕಳಿಸಿ, ಕೊಳ್ಳಬಹುದೇ ಎಂದು ಕೇಳಿದರು. ಮಾರುವವರ ಪ್ರಕಾರ ಅದು ಅವರ ತಂದೆ 1985ರಲ್ಲಿ ಕೊಂಡದ್ದು. ನಿಬ್ಬಿನ ಮೇಲೆ 4810, ಹದಿನಾಲ್ಕು ಕ್ಯಾರೆಟ್, 585 ಇದ್ದವು. ಅಂಕಿಗಳು ಹೊಂದುತ್ತಿದ್ದವು. ನಕ್ಷತ್ರ ಸ್ವಲ್ಪ ಹಳದಿಗೆ ತಿರುಗಿತ್ತು, ಗೆಳೆಯರಿಗೆ ಅನುಮಾನ ಬಂದದ್ದು ಅದೊಂದರ ಬಗ್ಗೆಯೇ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಬಳೆಯ ಫೋಟೊ ಕೇಳಿ ತರಿಸಿದೆವು. ಅದರಲ್ಲಿ ಬರಿಯ 'ಜರ್ಮನಿ', ಜೊತೆಗೆ ಎರಡು ಅಕ್ಷರ ಮತ್ತು ಅಂಕಿಗಳ ಕ್ರಮಸಂಖ್ಯೆ ಇತ್ತು. ಕ್ಲಿಪ್ಪಿನ ಒಳಗೆ 'ಪಿಕ್ಸ್' ಕೂಡ. ಅಂದಮೇಲೆ ಆ ಮುಚ್ಚಳ 1985ರದ್ದಲ್ಲ, ಸುಮಾರು ಹತ್ತು ಹನ್ನೆರಡು ವರ್ಷ ಈಚೆಯದಿರಬೇಕು. ಇಷ್ಟಕ್ಕೇ ನಕಲಿ ಎನ್ನುವಂತಿರಲಿಲ್ಲ. ಮನೆಯಲ್ಲಿದ್ದ ವಸ್ತು ಯಾವ ವರ್ಷ ಬಂತೆಂದು ಜನರಿಗೆ ಮರೆತುಹೋಗುತ್ತದೆ, ಹಳೆಯ ಪೆನ್ನಿಗೆ ಹೊಸ ಮುಚ್ಚಳ ಹಾಕಿಸಿರಲೂಬಹುದು. ಹಾಗೆ ಹಾಕಿಸಿದ್ದರೆ ಬ್ಯಾರೆಲ್ಲು ಮತ್ತು ನಿಬ್ಬು ಹಳೆಯದಾಗಿರಬೇಕಿತ್ತು. ಹಾಗಾಗಿ ಮತ್ತೆ ನಿಬ್ಬಿಗೇ ಬಂದೆ.

ಮೂಲ ಫೈಲು ತರಿಸಿ ಹಿಗ್ಗಿಸಿದಾಗ ಬಿಳಿ ಲೇಪ ಬಲಬದಿಯಲ್ಲಿ ಗೆರೆಯ ಮೇಲೇ ನಿಂತಿತ್ತು, ಎಡಬದಿಯಲ್ಲಿ ನಿಬ್ಬಿನ ಭುಜದ ಬಳಿ ಗೆರೆ ದಾಟಿ ಹರಿದಿತ್ತು. ಮೊದಲು ಅದನ್ನು ಬೆಳಕಿನ ಪ್ರತಿಫಲನ ಎಂದುಕೊಂಡೆ. ಪೆನ್ನನ್ನು ಸ್ವಲ್ಪ ತಿರುಗಿಸಿ ತೆಗೆದ ಇನ್ನೊಂದು ಫೋಟೊದಲ್ಲೂ ಬಿಳಿ ಕಲೆ ಅದೇ ಜಾಗದಲ್ಲಿತ್ತು. ಪ್ರತಿಫಲನವಾಗಿದ್ದರೆ ಪೆನ್ನು ತಿರುಗಿದಾಗ ಅದೂ ಜಾಗ ಬದಲಿಸಬೇಕಿತ್ತು. ಉಂಗುರದ ಮೇಲೆ ಯು ಅಕ್ಷರದ ಚುಕ್ಕೆಗಳೆರಡೂ ಕೂಡಿಕೊಂಡಿದ್ದವು, ಉಂಗುರಗಳ ನಡುವಿನ ಕಪ್ಪು ಮಂಕಾಗಿತ್ತು.

ಆಮೇಲೆ ಅನುಪಾತ. ಮುಚ್ಚಳ ಹಾಕಿದ ಪೆನ್ನು ಫೋಟೊದಲ್ಲಿ 2320 ಪಿಕ್ಸೆಲ್ ಉದ್ದ, ಬ್ಯಾರೆಲ್ಲು ಅತಿ ದಪ್ಪವಾಗಿರುವಲ್ಲಿ 186. ಭಾಗಿಸಿದರೆ ಹನ್ನೆರಡೂವರೆಗೆ ಹತ್ತಿರ. ಉದ್ದ 145 ಮಿಲಿಮೀಟರ್ ಎಂದೇ ಇಟ್ಟುಕೊಂಡರೂ ದಪ್ಪ 11.6 ಮಿಲಿಮೀಟರ್ ಮಾತ್ರ ಆಗುತ್ತದೆ; 146ಕ್ಕೆ ಅದು ತೀರಾ ಸಣಕಲು. ಸ್ಕೇಲಿನ ಪ್ರಕಾರ ಉದ್ದ 145 ಇದ್ದೇ ಇತ್ತು, ಆದ್ದರಿಂದ ಗಿಡ್ಡನೆಯ 145ನೇ ಮಾದರಿಯನ್ನು ತಪ್ಪಾಗಿ 146 ಎಂದು ಕರೆದಿದ್ದಾರೆ ಎನ್ನುವಂತೆಯೂ ಇರಲಿಲ್ಲ.

ಕೊನೆಗೆ ಎರಡು ಫೋಟೊ ಕೇಳಿದೆವು: ಬ್ಯಾರೆಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದದ್ದು, ಹಿಂಭಾಗದ ಗುಬ್ಬಿ ತಿರುಗಿಸಿದ್ದು. ಮೊದಲನೆಯದರಲ್ಲಿ ಎಲ್ಲೂ ಬೆಳಕು ಹಾಯಲಿಲ್ಲ. ಎರಡನೆಯದರ ಬದಲು ಅವರು, ಗುಬ್ಬಿ ತಿರುಗುವುದಿಲ್ಲ, ಇದು ಹೀಗೆ ಬಿಚ್ಚುತ್ತದೆ ಎಂದು ಬರೆದು, ಬ್ಯಾರೆಲ್ಲು ಬಿಚ್ಚಿದ ಚಿತ್ರ ಕಳಿಸಿದರು. ಒಳಗೆ ಕನ್ವರ್ಟರ್ ಇತ್ತು. ಬ್ಯಾರೆಲ್ಲಿನ ಬಾಯಿಯ ಅಂಚಿನಲ್ಲಿ ಕಪ್ಪು ಬಣ್ಣ ಎದ್ದು ಹಿತ್ತಾಳೆ ಕಾಣುತ್ತಿತ್ತು. ಮಾರುವವರು ನಮ್ಮನ್ನು ಮೋಸಗೊಳಿಸಲು ಹೊರಟಿದ್ದರು ಎಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಅವರ ತಂದೆಗೇ ಯಾರೋ ಅದನ್ನು ಅಸಲಿ ಎಂದು ಕೊಟ್ಟಿರಬೇಕು. ಗೆಳೆಯರು ವಿಷಯವನ್ನು ಅವರಿಗೆ ಬಿಡಿಸಿ ಹೇಳಿದರು, ಜಾಹೀರಾತು ಮರುದಿನ ಇರಲಿಲ್ಲ.

ಫೋಟೊ ಪರೀಕ್ಷೆ ದಾಟಿದ ಪೆನ್ನು ಕೈಗೆ ಬಂದರೆ, ವಾಪಸು ಕೊಡುವ ಅವಧಿ ಮುಗಿಯುವ ಮೊದಲೇ ಎರಡು ಕೆಲಸ ಮಾಡಿ. ಕಳಿಸಿದ ಫೋಟೊದಲ್ಲಿದ್ದ ಕ್ರಮಸಂಖ್ಯೆ ಮತ್ತು ಗೀರುಗಳು ಕೈಯಲ್ಲಿರುವ ಪೆನ್ನಿನಲ್ಲೂ ಅದೇ ಜಾಗದಲ್ಲಿವೆಯೇ ನೋಡಿ. ನಂತರ ನಿಬ್ಬನ್ನು ತಣ್ಣೀರಿನಲ್ಲಿ ಅದ್ದಿ ಗುಬ್ಬಿಯನ್ನು ನಿಧಾನವಾಗಿ ತಿರುಗಿಸಿ. ಪಿಸ್ಟನ್ ಬಿಗಿಯಾಗಿದ್ದರೆ ಬಲ ಹಾಕಬೇಡಿ, ಒಣಗಿದ ಶಾಯಿ ಬಿಡುವವರೆಗೆ ನೆನೆಯಲು ಬಿಡಿ. ಸರಿಯಾಗಿರುವ ಪೆನ್ನಿನಲ್ಲಿ ಗುಬ್ಬಿ ಒಂದೇ ಹದದಲ್ಲಿ ತಿರುಗುತ್ತದೆ, ನೀರು ಕಿಟಕಿಯೊಳಗೆ ಏರುವುದು ಕಣ್ಣಿಗೇ ಕಾಣುತ್ತದೆ.